ಮದುವೆಗೆ ಮೂರು ಫೋಟೊ ಕಳಿಸಿ

ಆರತಕ್ಷತೆಯ ಸಂಜೆ ವೇದಿಕೆಯ ಪಕ್ಕದ ದೊಡ್ಡ ಪರದೆಯಲ್ಲಿ ಹುಡುಗ ಹುಡುಗಿಯ ಬಾಲ್ಯದ ಚಿತ್ರಗಳನ್ನು ತೋರಿಸುವುದು ಈಗ ನಮ್ಮ ಕಲ್ಯಾಣ ಮಂಟಪಗಳಲ್ಲೂ ರೂಢಿಯಾಗಿದೆ. ಆ ಐದಾರು ನಿಮಿಷದ ವಿಡಿಯೊ ಜೋಡಿಸುವ ಹೊಣೆ ಸಾಮಾನ್ಯವಾಗಿ ವಧುವಿನ ತಮ್ಮನ ಮೇಲೋ ವರನ ತಂಗಿಯ ಮೇಲೋ ಬೀಳುತ್ತದೆ. ಕಂಪ್ಯೂಟರಿನ ಮುಂದೆ ಕೂತು ಜೋಡಿಸುವುದಕ್ಕೆ ಎರಡು ಮೂರು ರಾತ್ರಿ ಸಾಕು. ಕಷ್ಟವೆಲ್ಲ ಅದಕ್ಕೂ ಮೊದಲಿನದು. ಬೇಕಾದ ಚಿತ್ರಗಳು ಹತ್ತಾರು ಮನೆಗಳ ಬೀರುಗಳಲ್ಲಿ, ಅಟ್ಟದ ಮೇಲಿನ ಟ್ರಂಕುಗಳಲ್ಲಿ, ಯಾರೋ ಬಳಸಿ ಬಿಟ್ಟ ಹಳೆಯ ಫೋನುಗಳಲ್ಲಿ ಚೆದುರಿಹೋಗಿರುತ್ತವೆ. ಅವು ಹೊರಗೆ ಬರುತ್ತವೋ ಇಲ್ಲವೋ ಎಂಬುದು ನೆಂಟರಿಗೆ ಬರೆಯುವ ಒಂದು ಪತ್ರದ ಮೇಲೆ ನಿಂತಿದೆ.

‘ಮದುವೆಗೆ ವಿಡಿಯೊ ಮಾಡ್ತಿದ್ದೇವೆ, ನಿಮ್ಮ ಹತ್ತಿರ ಇರೋ ಫೋಟೊ ಎಲ್ಲಾ ಕಳಿಸಿ’ ಎಂದು ಒಂದು ಸಾಲು ಹಾಕಿ ನೋಡಿ. ಅರ್ಧ ಜನ ಕೈ ಮುಗಿದ ಚಿಹ್ನೆ ಕಳಿಸಿ ಸುಮ್ಮನಾಗುತ್ತಾರೆ. ಉಳಿದವರು ಹೋದ ವರ್ಷ ನಡೆದ ಇನ್ಯಾರದೋ ಮದುವೆಯ ಮೂವತ್ತು ನಲವತ್ತು ಚಿತ್ರ ಕಳಿಸುತ್ತಾರೆ. ಎಲ್ಲದರಲ್ಲೂ ರೇಷ್ಮೆ ಸೀರೆ ಉಟ್ಟು ಸಾಲಾಗಿ ನಿಂತವರೇ. ಇದರಲ್ಲಿ ಅವರ ತಪ್ಪೇನೂ ಇಲ್ಲ. ‘ಎಲ್ಲಾ’ ಎಂದು ಕೇಳಿದಾಗ ಕೈಗೆ ಸಿಗುವುದು ಫೋನಿನಲ್ಲಿರುವುದೇ. ಬೀರುವಿನ ಮೇಲಿನ ಆಲ್ಬಮ್ ಇಳಿಸಿ ಧೂಳು ಒರೆಸಬೇಕಾದರೆ ಇಂಥದ್ದೇ ಚಿತ್ರ ಬೇಕು ಎಂದು ಯಾರಾದರೂ ಕೇಳಿರಬೇಕು.

ಒಂದು ಮದುವೆಯನ್ನೇ ಉದಾಹರಣೆಗೆ ಇಟ್ಟುಕೊಳ್ಳೋಣ. ಹಾಸನದಲ್ಲಿ ಮೇ ತಿಂಗಳ ಎರಡನೇ ವಾರ ಮದುವೆ. ವಧುವಿನ ತಮ್ಮ ಆರು ನಿಮಿಷದ ವಿಡಿಯೊ ಮಾಡಬೇಕು. ಮೊದಲು ಲೆಕ್ಕ ಹಾಕಬೇಕು. ಒಂದು ಫೋಟೊ ಪರದೆಯ ಮೇಲೆ ಐದು ಸೆಕೆಂಡ್ ನಿಂತರೆ ನೋಡುವವರಿಗೆ ಮುಖ ಗುರುತು ಹತ್ತುತ್ತದೆ. ಐವತ್ತು ಫೋಟೊಗೆ 250 ಸೆಕೆಂಡ್, ಹತ್ತು ಸೆಕೆಂಡಿನ ಎಂಟು ವಿಡಿಯೊ ತುಣುಕುಗಳಿಗೆ 80, ಹೆಸರು ಮತ್ತು ಶೀರ್ಷಿಕೆಗಳಿಗೆ 30. ಅಲ್ಲಿಗೆ 360 ಸೆಕೆಂಡ್ ಮುಗಿಯಿತು. ಎರಡೂ ಕಡೆಯಿಂದ ಮೂವತ್ತು ಮನೆಗಳಿಗೆ ಬರೆದು ಮನೆಗೆ ಮೂರರಂತೆ ಬಂದರೂ ತೊಂಬತ್ತು ಚಿತ್ರ ಆಗುತ್ತವೆ. ಅದರಲ್ಲಿ ಐವತ್ತನ್ನು ಆರಿಸುವುದು ಹಿತವಾದ ಕೆಲಸ. ಸಾವಿರ ಚಿತ್ರದಲ್ಲಿ ಆರಿಸುವುದು ಹಾಗಲ್ಲ, ನೆಂಟರು ಕಷ್ಟಪಟ್ಟು ಹುಡುಕಿದ್ದೇ ಕಳೆದುಹೋಗುತ್ತದೆ. ‘ಮೂರೇ’ ಎಂದು ಕೇಳಿದಾಗ ಆರಿಸುವ ಕೆಲಸದಲ್ಲಿ ಅವರೂ ಕೈಜೋಡಿಸುತ್ತಾರೆ.

ಅವನು ಅರಸೀಕೆರೆಯ ಚಿಕ್ಕಮ್ಮನ ಮನೆಗೆ ಬರೆಯುವ ಪತ್ರ ಹೀಗಿರಬಹುದು:

‘ಚಿಕ್ಕಮ್ಮ, ಚಿಕ್ಕಪ್ಪ, ಇಬ್ಬರಿಗೂ ನಮಸ್ಕಾರ. ಮದುವೆಗೆ ಕರೆಯಲು ಅಪ್ಪ ಅಮ್ಮ ಮನೆಗೆ ಬಂದಿದ್ದರಲ್ಲ, ಇದು ನನ್ನದೇ ಇನ್ನೊಂದು ಕೋರಿಕೆ. ಆರತಕ್ಷತೆಯ ಸಂಜೆ ಅಕ್ಕ ಮತ್ತು ಭಾವನ ಚಿಕ್ಕಂದಿನಿಂದ ಇವತ್ತಿನವರೆಗಿನ ಚಿತ್ರಗಳ ಒಂದು ವಿಡಿಯೊ ತೋರಿಸಬೇಕು ಅಂತಿದ್ದೇವೆ. ಅವರಿಬ್ಬರಿಗೆ ಹೇಳಿಲ್ಲ, ನೀವೂ ಹೇಳಬೇಡಿ.

‘ನಿಮ್ಮಿಂದ ಮೂರೇ ಫೋಟೊ ಬೇಕು. ಎರಡನೇ ಕ್ಲಾಸಿನ ಬೇಸಿಗೆ ರಜೆ ಪೂರ್ತಿ ಅಕ್ಕ ನಿಮ್ಮ ಮನೆಯಲ್ಲೇ ಇದ್ದಳಲ್ಲ, ಆಗಿನದು ಒಂದು ಸಿಕ್ಕರೆ ಬಹಳ ಸಂತೋಷ. ಉಳಿದೆರಡು ನಿಮಗೆ ಇಷ್ಟವಾದದ್ದು. ಎಲ್ಲರೂ ನಿಂತು ತೆಗೆಸಿಕೊಂಡದ್ದಕ್ಕಿಂತ ಅವಳು ಏನಾದರೂ ಮಾಡುತ್ತಿರುವುದಾದರೆ ಒಳ್ಳೆಯದು. ಎಲ್ಲಿ ತೆಗೆದದ್ದು, ಸುಮಾರು ಯಾವ ವರ್ಷ, ಪಕ್ಕದಲ್ಲಿ ಯಾರು ಅಂತ ಒಂದು ಸಾಲು ಬರೆಯಿರಿ, ಇಲ್ಲವೇ ವಾಟ್ಸಾಪಿನಲ್ಲಿ ಮಾತಾಡಿ ಕಳಿಸಿ.

‘ಆಲ್ಬಮ್ಮಿನಿಂದ ಫೋಟೊ ಕೀಳಬೇಡಿ. ಹಗಲಿನಲ್ಲಿ ಕಿಟಕಿಯ ಪಕ್ಕ ಇಟ್ಟು ಹಾಗೇ ಫೋನಿನಲ್ಲಿ ತೆಗೆಯಿರಿ, ಫ್ಲ್ಯಾಶ್ ಬೇಡ. ಕಳಿಸುವಾಗ ಫೋಟೊ ಆಗಿ ಅಲ್ಲ, ಡಾಕ್ಯುಮೆಂಟ್ ಆಗಿ ಕಳಿಸಲು ತಮ್ಮನಿಗೆ ಹೇಳಿ, ಅವನಿಗೆ ಗೊತ್ತು. ಹಳೆಯ ವಿಡಿಯೊ ಕ್ಯಾಸೆಟ್ ಇದ್ದರೆ ಈ ವಾರವೇ ಒಂದು ಫೋನ್ ಮಾಡಿ, ನಾನೇ ಬಂದು ತೆಗೆದುಕೊಂಡು ಹೋಗುತ್ತೇನೆ. ಫೋಟೊಗಳು ಏಪ್ರಿಲ್ 12ರೊಳಗೆ ನನಗೆ ಸಿಕ್ಕರೆ ಸಾಕು.’

ಪತ್ರದ ಜೀವ ಇರುವುದು ಎರಡನೇ ಕ್ಲಾಸಿನ ಬೇಸಿಗೆ ರಜೆಯ ಆ ಒಂದು ಸಾಲಿನಲ್ಲಿ. ಮೂವತ್ತು ಮನೆಗೂ ಪತ್ರದ ಉಳಿದ ಭಾಗ ಒಂದೇ ಇರಲಿ, ಆದರೆ ಈ ಸಾಲು ಮನೆಮನೆಗೆ ಬೇರೆಯಾಗಬೇಕು. ಅದನ್ನು ಬರೆಯಲು ತಮ್ಮ ಮೊದಲು ಅಮ್ಮನ ಜೊತೆ ಒಂದು ಗಂಟೆ ಕೂರಬೇಕಾಗುತ್ತದೆ. ಅಕ್ಕ ಯಾರ ಮನೆಯಲ್ಲಿ ಸೈಕಲ್ ಕಲಿತಳು, ಅವಳ ಶಾಲೆಯ ವಾರ್ಷಿಕೋತ್ಸವಕ್ಕೆ ಕ್ಯಾಮೆರಾ ತಂದಿದ್ದ ಮಾವ ಯಾರು, ನಾಮಕರಣದ ದಿನ ಫೋಟೊ ತೆಗೆದವರು ಯಾರು ಎಂದು ಕೇಳಿ ಗುರುತು ಹಾಕಿಕೊಳ್ಳಬೇಕು. ಆ ಒಂದು ಗಂಟೆ ಕೂರದೆ ಹೊರಟ ಪತ್ರಕ್ಕೆ ಬರುವ ಚಿತ್ರಗಳು ಯಾವ ಮದುವೆಯ ವಿಡಿಯೊಗಾದರೂ ಆಗುವಂಥವು.

ಡಾಕ್ಯುಮೆಂಟ್ ಎಂಬ ಮಾತಿಗೂ ಕಾರಣವಿದೆ. ವಾಟ್ಸಾಪಿನಲ್ಲಿ ಸಾಮಾನ್ಯ ರೀತಿಯಲ್ಲಿ ಕಳಿಸಿದ ಫೋಟೊದ ಉದ್ದನೆಯ ಬದಿ ಸುಮಾರು 1600 ಪಿಕ್ಸೆಲ್‌ಗೆ ಕುಗ್ಗುತ್ತದೆ. ಪರದೆಗೆ ಹೋಗುವ ವಿಡಿಯೊದ ಅಗಲ ಸಾಮಾನ್ಯವಾಗಿ 1920 ಪಿಕ್ಸೆಲ್. ಇಡೀ ಫೋಟೊ ತೋರಿಸುವುದಾದರೆ ಈ ಕೊರತೆ ಅಷ್ಟಾಗಿ ಕಾಣುವುದಿಲ್ಲ. ಆದರೆ ಇಪ್ಪತ್ತು ಜನ ನಿಂತ ಗುಂಪಿನ ಚಿತ್ರದಲ್ಲಿ ಮೂಲೆಯ ಮಗುವನ್ನು ಮಾತ್ರ ಹತ್ತಿರ ತರಬೇಕಾದರೆ ಕೈಯಲ್ಲಿ ಉಳಿಯುವುದು ಮುನ್ನೂರು ನಾನೂರು ಪಿಕ್ಸೆಲ್. ಅದನ್ನು ಮಂಟಪದ ಪರದೆಯಷ್ಟು ಅಗಲಕ್ಕೆ ಹಿಗ್ಗಿಸಿದಾಗ ಮುಖ ಕಲಸಿಹೋಗುತ್ತದೆ. ವಿಡಿಯೊ ತುಣುಕುಗಳಿಗಂತೂ ಪೆಟ್ಟು ಇನ್ನೂ ಹೆಚ್ಚು. ಡಾಕ್ಯುಮೆಂಟ್ ಆಗಿ ಹೋದದ್ದು ಇದ್ದ ಹಾಗೇ ಇರುತ್ತದೆ. ಬಂದದ್ದು ಹೇಗಿದೆ ಎಂದು ತಿಳಿಯಲು ಕಡತದ ಗಾತ್ರ ನೋಡಿದರೆ ಸಾಕು: ಫೋನಿನಲ್ಲಿ ತೆಗೆದ ಮೂಲ ಫೋಟೊ ಸಾಮಾನ್ಯವಾಗಿ ಎರಡು ಎಂಬಿಯ ಮೇಲಿರುತ್ತದೆ, ಇನ್ನೂರು ಕೆಬಿಯದು ಬಂದರೆ ಅದು ದಾರಿಯಲ್ಲಿ ಕುಗ್ಗಿದೆ ಎಂದೇ ತಿಳಿದು ಇನ್ನೊಮ್ಮೆ ಕೇಳಬೇಕು.

ಹಳೆಯ ಆಲ್ಬಮ್ಮುಗಳ ಬಗ್ಗೆ ನನಗಿರುವ ಕಾಳಜಿ ಬೇರೆಯದು. ತೊಂಬತ್ತರ ದಶಕದಲ್ಲಿ ಮನೆಮನೆಯಲ್ಲಿದ್ದ, ಅಂಟಿನ ಹಾಳೆಯ ಮೇಲೆ ಪ್ಲಾಸ್ಟಿಕ್ ಮುಚ್ಚಿದ ಆಲ್ಬಮ್ಮುಗಳಲ್ಲಿ ಆ ಅಂಟು ಈಗ ಕಲ್ಲಾಗಿದೆ. ಉತ್ಸಾಹದಲ್ಲಿ ಯಾರಾದರೂ ಎಳೆದರೆ ಫೋಟೊದ ಬೆನ್ನಿನ ಕಾಗದ ಹಾಳೆಯಲ್ಲೇ ಉಳಿಯುತ್ತದೆ, ಬಣ್ಣದ ಪದರ ಸೀಳುತ್ತದೆ. ನೆಗೆಟಿವ್ ಎಲ್ಲಿದೆಯೋ ಯಾರಿಗೂ ಗೊತ್ತಿಲ್ಲ, ಇರುವುದು ಅದೊಂದೇ ಪ್ರತಿ. ಚೌಕಟ್ಟಿನ ಗಾಜಿಗೆ ಅಂಟಿಕೊಂಡ ಫೋಟೊದ ಗತಿಯೂ ಇದೇ, ಗಾಜಿನ ಮೇಲಿಂದಲೇ ತೆಗೆಯಬೇಕು. ಗಾಜಿನಲ್ಲಿ ತೆಗೆಯುವವರ ನೆರಳು ಮೂಡಿದರೆ ಬೆಳಕು ಒಂದು ಪಕ್ಕದಿಂದ ಬೀಳುವಂತೆ ತಿರುಗಿಸಿ, ಫೋನಿನ ಹಿಂದೆ ಕಪ್ಪು ಬಟ್ಟೆ ಹಿಡಿದರೆ ಹೋಗುತ್ತದೆ. ಬಿಡಿ ಫೋಟೊ ಸಿಕ್ಕರೆ ಬೆನ್ನನ್ನೂ ಒಂದು ಚಿತ್ರ ತೆಗೆದು ಕಳಿಸಲು ಹೇಳುವುದು ಒಳ್ಳೆಯದು. ಸ್ಟುಡಿಯೊದ ಮುದ್ರೆಯೋ ತಾತನ ಕೈಬರಹದ ತಾರೀಖೋ ಅಲ್ಲಿರುತ್ತದೆ. ಮುಂಭಾಗದ ಮೂಲೆಯಲ್ಲಿ ಕಿತ್ತಳೆ ಬಣ್ಣದಲ್ಲಿ ಅಚ್ಚಾದ ತಾರೀಖನ್ನು ಪೂರ್ತಿ ನಂಬುವ ಹಾಗಿಲ್ಲ, ಆ ಕ್ಯಾಮೆರಾಗಳ ಗಡಿಯಾರವನ್ನು ಸರಿಪಡಿಸದೆ ಬಿಟ್ಟವರು ಬಹಳ. ಫೋನಿನಲ್ಲಿ ಮರುತೆಗೆದ ಚಿತ್ರದೊಳಗಿನ ತಾರೀಖಂತೂ ಇವತ್ತಿನದೇ. ವರ್ಷವನ್ನು ಬಾಯಿಬಿಟ್ಟು ಕೇಳಬೇಕಾದದ್ದು ಇದಕ್ಕೇ.

ಕ್ಯಾಸೆಟ್ಟಿಗೆ ‘ಈ ವಾರವೇ’ ಎಂಬ ಆತುರ ಏಕೆಂದರೆ ಮೂರು ಗಂಟೆಯ ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ಇಳಿಸಲು ಮೂರು ಗಂಟೆಯೇ ಬೇಕು. ಅದನ್ನು ಓಡಿಸುವ ಯಂತ್ರಗಳು ಈಗ ತಯಾರಾಗುತ್ತಿಲ್ಲ. ಕೊನೆಯವರೆಗೂ ಅವನ್ನು ತಯಾರಿಸುತ್ತಿದ್ದ ಜಪಾನಿನ ಫುನಾಯ್ ಕಂಪನಿ 2016ರಲ್ಲಿ ನಿಲ್ಲಿಸಿತು. ಆದ್ದರಿಂದ ಯಂತ್ರವಿರುವ ಸ್ಟುಡಿಯೊ ಹುಡುಕಲು ಕೆಲವು ದಿನ ಹಿಡಿಯಬಹುದು. ಕ್ಯಾಸೆಟ್ಟಿನ ಕಿಟಕಿಯಲ್ಲಿ ಸುರುಳಿಯ ಅಂಚು ನೋಡಿ. ಬಿಳಿ ಪುಡಿಯಂತೆ ಕಂಡರೆ ಅದು ಬೂಷ್ಟು, ಮಲೆನಾಡು ಕರಾವಳಿಯ ಮನೆಗಳಲ್ಲಿ ಬೇಗ ಹಿಡಿಯುತ್ತದೆ. ಹಾಗಿರುವುದನ್ನು ಮನೆಯ ಯಂತ್ರಕ್ಕೆ ಹಾಕಿ ನೋಡಲೇಬಾರದು. ಟೇಪು ಹರಿಯಬಹುದು, ಆಮೇಲೆ ಅದೇ ಯಂತ್ರಕ್ಕೆ ಹಾಕಿದ ಇನ್ನೊಂದು ಕ್ಯಾಸೆಟ್ಟಿಗೂ ಬೂಷ್ಟು ಹತ್ತಬಹುದು.

ದೂರದಲ್ಲಿರುವವರಿಂದ, ಅಂದರೆ ದುಬೈಯಲ್ಲಿರುವ ಅಣ್ಣ, ಅಮೆರಿಕದಲ್ಲಿರುವ ಅತ್ತೆಯಿಂದ, ಮಾತಿನ ತುಣುಕು ಕೇಳುವುದೂ ವಾಡಿಕೆ. ‘ಹರಸಿ ಕಳಿಸಿ’ ಎಂದರೆ ಎಂಟೂ ಜನ ನೂರು ಕಾಲ ಸುಖವಾಗಿ ಬಾಳಿ ಎಂಬ ಒಂದೇ ಮಾತು ಹೇಳುತ್ತಾರೆ. ಬದಲಿಗೆ ಒಂದು ಪ್ರಶ್ನೆ ಕೇಳಬೇಕು: ಅತ್ತೆ, ಅಕ್ಕ ಮೊದಲ ಸಲ ನಿಮಗೆ ಕಾಫಿ ಮಾಡಿಕೊಟ್ಟಾಗ ಏನಾಯಿತು? ಉತ್ತರ ಇಪ್ಪತ್ತು ಸೆಕೆಂಡಿನಲ್ಲಿ ಮುಗಿಯಲಿ, ಅದರಲ್ಲಿ ಹತ್ತು ಉಳಿಸಿಕೊಳ್ಳಬಹುದು. ಫೋನನ್ನು ಅಡ್ಡಡ್ಡ ಹಿಡಿಯಬೇಕು, ಕಿಟಕಿ ಮುಂದಿರಬೇಕು, ಫ್ಯಾನ್ ಆರಿಸಬೇಕು. ಇಷ್ಟು ಮಾಡಿದರೂ ಆರತಕ್ಷತೆಯ ಗದ್ದಲದಲ್ಲಿ ಮಾತು ಪೂರ್ತಿ ಕೇಳಿಸದು. ಆಡಿದ ಮಾತನ್ನು ಪರದೆಯ ಕೆಳಗೆ ಕನ್ನಡದಲ್ಲಿ ಬರೆದು ಹಾಕುವುದೇ ಸರಿ. ಕೆಲವು ಸಾಫ್ಟ್‌ವೇರುಗಳಲ್ಲಿ ಒತ್ತಕ್ಷರ ಒಡೆದು ಬೇರೆಬೇರೆಯಾಗಿ ಕಾಣುವುದುಂಟು, ಹಾಗಾದರೆ ಬರಹವನ್ನು ಚಿತ್ರವಾಗಿ ಮಾಡಿಕೊಂಡು ಸೇರಿಸಬಹುದು.

ನೆಂಟಸ್ತಿಕೆಯ ಕ್ರಮ ತಪ್ಪಿದರೆ ಇಷ್ಟೆಲ್ಲ ತಾಂತ್ರಿಕ ಎಚ್ಚರವೂ ಉಪಯೋಗಕ್ಕೆ ಬಾರದು. ಲಗ್ನಪತ್ರಿಕೆ ಕೊಟ್ಟು ಕರೆಯುವ ಮೊದಲೇ ಫೋಟೊ ಕೇಳುವ ಪತ್ರ ಹೋದರೆ ದೊಡ್ಡಪ್ಪನಿಗೆ ನೋವಾಗುತ್ತದೆ, ಅದು ವರ್ಷಗಟ್ಟಲೆ ಉಳಿಯುತ್ತದೆ. ಪತ್ರದ ಮೊದಲ ಸಾಲಿನಲ್ಲೇ ಅಪ್ಪ ಅಮ್ಮ ಬಂದು ಕರೆದದ್ದನ್ನು ಹೇಳಿರುವುದು ಅದಕ್ಕಾಗಿ. ಹಿರಿಯರಿಗೆ ಮೊದಲು ಫೋನ್ ಮಾಡಿ ಮಾತಾಡಿ, ಆಮೇಲೆ ಪತ್ರ ಕಳಿಸಬೇಕು. ಸ್ಮಾರ್ಟ್ ಫೋನ್ ಇಲ್ಲದ ಅಜ್ಜಿಯ ಮನೆಗೆ ಯಾರಾದರೂ ಹೋಗಿ ತೆಗೆದುಕೊಂಡು ಬರಲೇಬೇಕು. ಗುಟ್ಟು ಉಳಿಯಬೇಕಾದರೆ ವಧು ಇರುವ ಕುಟುಂಬದ ಗುಂಪಿಗೆ ಹಾಕುವ ಹಾಗಿಲ್ಲ. ವಾಟ್ಸಾಪಿನ ಬ್ರಾಡ್‌ಕಾಸ್ಟ್ ಮೂಲಕ ಕಳಿಸಿದ್ದು ನಮ್ಮ ನಂಬರನ್ನು ಉಳಿಸಿಕೊಂಡವರಿಗೆ ಮಾತ್ರ ತಲುಪುತ್ತದೆ ಎಂಬುದೂ ನೆನಪಿರಲಿ. ಮೂವತ್ತು ಮನೆಗೆ ಬಿಡಿಬಿಡಿಯಾಗಿ ಕಳಿಸುವುದೇ ಒಳ್ಳೆಯದು, ಸಾಲು ಹೇಗೂ ಬೇರೆಬೇರೆ ಇದೆಯಲ್ಲ.

ವರನ ಕಡೆಗೆ ಬರೆಯಬೇಕಾದವರು ವರನ ತಂಗಿ. ಹುಡುಗಿಯ ತಮ್ಮನ ಹೆಸರಿನಲ್ಲಿ ಬಂದ ಪತ್ರಕ್ಕೆ ಅವರ ಸೋದರತ್ತೆ ಆಲ್ಬಮ್ ಇಳಿಸುವುದು ಕಷ್ಟ. ಐವತ್ತರಲ್ಲಿ ನಲವತ್ತು ಒಂದೇ ಕಡೆಯವಾದರೆ ಇನ್ನೊಂದು ಕಡೆಯವರು ಮಾತಾಡದಿದ್ದರೂ ಎಣಿಸಿರುತ್ತಾರೆ. ಎರಡೂ ಕಡೆಯ ಲೆಕ್ಕವನ್ನು ಏಪ್ರಿಲ್ 12ರ ಸಂಜೆಯೇ ನೋಡಿ, ಕಡಿಮೆ ಬಿದ್ದ ಕಡೆಗೆ ಇನ್ನೊಮ್ಮೆ ಫೋನ್ ಮಾಡಲು ಸಮಯವಿರಬೇಕು. ಗಡುವು ಮದುವೆಗೆ ನಾಲ್ಕು ವಾರ ಮೊದಲೇ ಇರುವುದು ಆ ಕಾರಣಕ್ಕೆ.

ಬಂದದ್ದನ್ನೆಲ್ಲ ಹಾಕಲೂಬಾರದು. ಬೇರೆಯಾದ ದಂಪತಿ ಜೊತೆಯಾಗಿ ನಿಂತ ಚಿತ್ರ, ಹಿಂದೆ ಮುರಿದುಬಿದ್ದ ನಿಶ್ಚಿತಾರ್ಥದ ಚಿತ್ರ, ಎಣ್ಣೆ ಸ್ನಾನದ ಮಗುವಿನ ಚಿತ್ರ, ಇವನ್ನು ತಾಯಂದಿರಿಬ್ಬರಿಗೆ ಮೊದಲೇ ತೋರಿಸಿ ಕೇಳಬೇಕು. ತೀರಿಕೊಂಡ ಅಜ್ಜನ ಚಿತ್ರವನ್ನು ಕೊನೆಗೆ ಹಾರ ಹಾಕಿದ ಚೌಕಟ್ಟಿನಲ್ಲಿ ತೋರಿಸುವ ಪದ್ಧತಿ ನನಗೆ ಒಪ್ಪಿಗೆಯಿಲ್ಲ. ಮೊಮ್ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡ ಅಜ್ಜ ಆ ಮಗುವಿನ ನಾಲ್ಕನೇ ವರ್ಷದ ಚಿತ್ರಗಳ ನಡುವೆ, ಉಳಿದವರ ಹಾಗೆಯೇ ಐದು ಸೆಕೆಂಡ್ ಬಂದುಹೋಗಲಿ.

ಮದುವೆ ಕಳೆದ ವಾರ ಇನ್ನೊಂದು ಚಿಕ್ಕ ಪತ್ರ ಹೋಗಬೇಕು: ಕ್ಯಾಸೆಟ್ ಹಿಂದಿರುಗಿಸಲು ಯಾವತ್ತು ಬರಲಿ ಎಂದು ಕೇಳಿ, ಜೊತೆಗೆ ವಿಡಿಯೊವನ್ನೂ ಕಳಿಸಿ. ಯೂಟ್ಯೂಬಿಗೆ ಏರಿಸುವುದಾದರೆ ಸಿನಿಮಾ ಹಾಡಿನ ಹಕ್ಕುದಾರರ ಕಾರಣಕ್ಕೆ ಧ್ವನಿ ನಿಲ್ಲುವ ಸಾಧ್ಯತೆ ಇದೆ, ಗೂಗಲ್ ಡ್ರೈವಿನ ಲಿಂಕ್ ವಾಸಿ. ವಿಡಿಯೊದಲ್ಲಿ ತಮ್ಮ ಫೋಟೊ ಬಾರದೆ ಹೋದ ಮನೆಗಳಿಗೆ ಆ ಲಿಂಕಿನ ಜೊತೆ ಎಲ್ಲ ತೊಂಬತ್ತು ಚಿತ್ರಗಳ ಫೋಲ್ಡರನ್ನೂ ಕಳಿಸಬೇಕು, ಅವರದ್ದೂ ಅದರಲ್ಲಿದೆ ಎಂದು ಒಂದು ಸಾಲು ಬರೆದು.