ಅರ್ಧ ಇಂಚಿನ ಬೋಲ್ಟ್ ಅರ್ಧ ಇಂಚು ಇರುವುದಿಲ್ಲ

ಅಮೆರಿಕದ ಗಿರಾಕಿಯಿಂದ ಬಂದ ಡ್ರಾಯಿಂಗಿನಲ್ಲಿ ಶಾಫ್ಟಿನ ತುದಿಗೆ ಬಾಣದ ಗುರುತು ಹಾಕಿ 1/2-13 UNC-2A ಎಂದಷ್ಟೇ ಬರೆದಿರುತ್ತಾರೆ. ಅರ್ಧ ಇಂಚಿನ ಅಳತೆ, ಒಂದು ಇಂಚಿಗೆ 13 ಥ್ರೆಡ್, UNC ಎಂದರೆ ಒರಟು ಸಾಲಿನ ಥ್ರೆಡ್. ಕೊನೆಯ 2 ದರ್ಜೆಯನ್ನು ಹೇಳುತ್ತದೆ, A ಎಂದರೆ ಹೊರಗಿನ ಥ್ರೆಡ್, ಅಂದರೆ ಬೋಲ್ಟಿನದು. ನಟ್ಟಿನದಾಗಿದ್ದರೆ B ಇರುತ್ತಿತ್ತು. ಲೇತಿನ ಮುಂದೆ ನಿಂತ ಟರ್ನರಿಗೆ ಬೇಕಾದ ಎರಡು ಸಂಖ್ಯೆಗಳು ಮಾತ್ರ ಅಲ್ಲಿ ಇಲ್ಲ. ಕಂಬಿಯ ಹೊರವ್ಯಾಸವನ್ನು ಎಷ್ಟಕ್ಕೆ ಇಳಿಸಬೇಕು? ಟೂಲ್ ಎಷ್ಟು ಆಳ ಇಳಿಯಬೇಕು? ಎರಡನ್ನೂ ಆ ಪುಟ್ಟ ಬರಹದಿಂದಲೇ ಹೊರತೆಗೆಯಬೇಕು.

ಈ ಥ್ರೆಡ್ ಹುಟ್ಟಿದ್ದು ಯುದ್ಧದ ತೊಂದರೆಯಿಂದ. ಬ್ರಿಟಿಷರ ವಿಟ್ವರ್ತ್ ಥ್ರೆಡ್ಡಿನ ಕೋನ 55 ಡಿಗ್ರಿ, ಅಮೆರಿಕನ್ನರದು 60. ಎರಡನೇ ಮಹಾಯುದ್ಧದಲ್ಲಿ ಮಿತ್ರರಾಷ್ಟ್ರಗಳು ಜೊತೆಯಾಗಿ ಕಾದಾಡಿದರೂ ಒಬ್ಬರ ಬೋಲ್ಟಿಗೆ ಇನ್ನೊಬ್ಬರ ನಟ್ಟು ಕೂರುತ್ತಿರಲಿಲ್ಲ. 1948ರ ನವೆಂಬರಿನಲ್ಲಿ ಅಮೆರಿಕ, ಬ್ರಿಟನ್, ಕೆನಡಾ ವಾಷಿಂಗ್ಟನ್ನಿನಲ್ಲಿ ಒಪ್ಪಂದ ಮಾಡಿಕೊಂಡು 60 ಡಿಗ್ರಿಯ ಯೂನಿಫೈಡ್ ಥ್ರೆಡ್ಡಿಗೆ ಬಂದವು. ನಮ್ಮ ಕಡೆ ಮೆಟ್ರಿಕ್ ಅಳತೆ ಬಂದು ಎಷ್ಟೋ ಕಾಲವಾಯಿತು. ಆದರೂ ಅಮೆರಿಕಕ್ಕೆ ಭಾಗಗಳನ್ನು ಮಾಡಿಕೊಡುವ ಬೆಂಗಳೂರಿನ ವರ್ಕ್‌ಶಾಪ್‌ಗಳಲ್ಲಿ ಈ ಥ್ರೆಡ್ ಇಂದಿಗೂ ದಿನದ ಕೆಲಸ.

ಮೊದಲು ಹೊರವ್ಯಾಸ, ಅಂದರೆ ಮೇಜರ್ ಡಯಾ. 2A ದರ್ಜೆಯ ಬೋಲ್ಟ್ ಪೂರ್ತಿ 0.5000 ಇಂಚು ಇರಲು ಒಪ್ಪಿಗೆಯೇ ಇಲ್ಲ. ನಟ್ಟಿನ ಒಳಗೆ ಸಲೀಸಾಗಿ ತಿರುಗಲೆಂದು ಮೊದಲೇ ಸ್ವಲ್ಪ ಸಂದು ಬಿಡುತ್ತಾರೆ. ಇದಕ್ಕೆ ಅಲೋಯನ್ಸ್ ಎಂದು ಹೆಸರು. ಅರ್ಧ ಇಂಚು, 13 ಥ್ರೆಡ್ಡಿಗೆ ಅದು 0.0015, ಅಂದರೆ ಒಂದೂವರೆ ಥೌ. ಇಂಚಿನ ಸಾವಿರದಲ್ಲೊಂದು ಭಾಗವೇ ಥೌ. ಇದನ್ನು ಕಳೆದರೆ ಗರಿಷ್ಠ ಮಿತಿ 0.4985 ಸಿಕ್ಕಿತು.

ಕನಿಷ್ಠ ಮಿತಿಗೆ ಟಾಲರೆನ್ಸ್ ಬೇಕು. ಅದು ಪಿಚ್ಚಿನಿಂದ ಬರುತ್ತದೆ. ಒಂದು ಥ್ರೆಡ್ಡಿನಿಂದ ಮುಂದಿನ ಥ್ರೆಡ್ಡಿಗಿರುವ ದೂರವೇ ಪಿಚ್. ಇಲ್ಲಿ 1 ಭಾಗಿಸು 13, ಅಂದರೆ 0.07692 ಇಂಚು. ಇದನ್ನು P ಎಂದು ಕರೆದರೆ ಸೂತ್ರ ಹೀಗಿದೆ:

0.060 × P^(2/3) = 0.060 × 0.1809 = 0.0109

0.4985ರಿಂದ 0.0109 ಕಳೆದರೆ 0.4876. ಹಾಗಾಗಿ ಥ್ರೆಡ್ ಹಾಕಿದ ಮೇಲೆ ಬೋಲ್ಟಿನ ಹೊರವ್ಯಾಸ 0.4876ರಿಂದ 0.4985ರ ಒಳಗೆ ಇರಬೇಕು. ಕೈಪಿಡಿಯ ಪಟ್ಟಿ ತೆಗೆದು ನೋಡಿದರೂ ಇವೇ ಅಂಕಿಗಳು. ದರ್ಜೆ 3A ಆಗಿದ್ದರೆ ಅಲೋಯನ್ಸ್ ಇಲ್ಲ, ಆಗ ಮಿತಿ 0.4891ರಿಂದ 0.5000. ಸಡಿಲ ದರ್ಜೆಯಾದ 1Aಯಲ್ಲಿ ಗರಿಷ್ಠ ಮಿತಿ 2Aಯದ್ದೇ, ಆದರೆ ಸೂತ್ರದ 0.060 ಇದ್ದಲ್ಲಿ 0.090 ಬರುವುದರಿಂದ ಕನಿಷ್ಠ ಮಿತಿ 0.4822ಕ್ಕೆ ಇಳಿಯುತ್ತದೆ. ನಾನಾದರೆ 2Aಗೆ ಕಂಬಿಯನ್ನು ಮಿತಿಗಳ ನಡುವೆ, 0.4930 ಸುಮಾರಿಗೆ ಇಳಿಸುತ್ತೇನೆ. ಥ್ರೆಡ್ ಕೊರೆಯುವಾಗ ಮೇಲಂಚಿನಲ್ಲಿ ಬರ್ ಎದ್ದು ವ್ಯಾಸ ಕೊಂಚ ಉಬ್ಬುವುದುಂಟು. ಗರಿಷ್ಠ ಮಿತಿಗೆ ತೀರ ಹತ್ತಿರ ಹೋದವರಿಗೆ ಅದಕ್ಕೆ ಜಾಗ ಉಳಿಯುವುದಿಲ್ಲ.

ಆಳದ ವಿಷಯ ಇಷ್ಟು ಸರಳವಲ್ಲ. ಹೆಚ್ಚಿನ ಪುಸ್ತಕಗಳಲ್ಲಿ ಹೊರಗಿನ ಥ್ರೆಡ್ಡಿನ ಆಳ 0.61343 × P ಎಂದಿರುತ್ತದೆ. ನಮ್ಮ ಬೋಲ್ಟಿಗೆ ಅದು 0.0472. ಸಿಎನ್‌ಸಿಯ G76 ಸೈಕಲ್ ಕೂಡ ಆಳ ಎಷ್ಟೆಂದು ಕೇಳುತ್ತದೆ, ಟರ್ನರ್ ಇದನ್ನೇ ಕೊಟ್ಟು ಮೆಷಿನ್ ಚಾಲೂ ಮಾಡುತ್ತಾನೆ. ಆದರೆ ತಪಾಸಣೆಯಲ್ಲಿ ಬೋಲ್ಟನ್ನು ಪಾಸು ಮಾಡುವುದು ಆಳವಲ್ಲ, ಪಿಚ್ ಡಯಾ. ಥ್ರೆಡ್ಡಿನ ದಿಂಡೂ ಅದರ ಪಕ್ಕದ ಕಾಲುವೆಯೂ ಸಮನಾದ ಅಗಲಕ್ಕೆ ಬರುವಲ್ಲಿ ಒಂದು ಸಿಲಿಂಡರ್ ಊಹಿಸಿಕೊಂಡರೆ ಅದರ ವ್ಯಾಸವೇ ಪಿಚ್ ಡಯಾ. ನಮ್ಮ ಬೋಲ್ಟಿಗೆ ಅದರ ಮಿತಿ 0.4435ರಿಂದ 0.4485, ಒಟ್ಟು ಐದೇ ಥೌ. ಆಳ ಎನ್ನುವುದು ಈ ಮಿತಿಯೊಳಗೆ ತಲುಪಲು ಟೂಲ್ ಇಳಿಯಬೇಕಾದ ದೂರ. ಆ ದೂರ ಎರಡು ಸಂಗತಿಗಳ ಮೇಲೆ ನಿಂತಿದೆ. ಒಂದು, ಎಣಿಕೆ ಶುರುವಾಗುವ ಹೊರವ್ಯಾಸ. ಇನ್ನೊಂದು, ಟೂಲಿನ ಮೂತಿ ಎಷ್ಟು ದುಂಡಗಿದೆ ಎಂಬುದು.

0.0472 ಎಂಬ ಪುಸ್ತಕದ ಅಂಕಿ ಹೊರವ್ಯಾಸ ಸರಿಯಾಗಿ 0.5000 ಇದೆ, ಮೂತಿಯ ದುಂಡು 0.0111 ಇದೆ ಎಂದುಕೊಂಡು ಲೆಕ್ಕ ಹಾಕಿದ್ದು. ನಮ್ಮ ಕಂಬಿ 0.4930ಕ್ಕೆ ಇಳಿದಿದೆ. ಅದೇ 0.0111 ಮೂತಿಯ ಟೂಲನ್ನು ಈ ಮೈಯಿಂದ 0.0472 ಇಳಿಸಿದರೆ ಪಿಚ್ ಡಯಾ 0.4430 ಆಗುತ್ತದೆ. ಕನಿಷ್ಠ ಮಿತಿಗಿಂತ ಕಡಿಮೆ. ನೋ-ಗೋ ರಿಂಗ್ ಗೇಜ್ ಸಲೀಸಾಗಿ ಒಳಗೆ ಹೋಗುತ್ತದೆ, ಬೋಲ್ಟ್ ಸ್ಕ್ರ್ಯಾಪ್. ಈಗ ಟೂಲ್ ಮಾತ್ರ ಬದಲಿಸಿ, ಮೂತಿಯ ದುಂಡು 0.0083 ಇರುವುದನ್ನು ಹಾಕಿ. ಅದೇ ಕಂಬಿ, ಅದೇ 0.0472 ಆಳ. ಪಿಚ್ ಡಯಾ ಈಗ 0.4486, ಗರಿಷ್ಠ ಮಿತಿಯನ್ನು ಕೂದಲೆಳೆಯಷ್ಟು ದಾಟಿದೆ. ಗೋ ಗೇಜ್ ಹತ್ತುವುದಿಲ್ಲ. ಒಂದೇ ಆಳ ಎರಡು ಟೂಲುಗಳಲ್ಲಿ ಎರಡು ತದ್ವಿರುದ್ಧ ದೋಷಗಳನ್ನು ತಂದಿತು.

ಆದ್ದರಿಂದ ಲೆಕ್ಕವನ್ನು ಪಿಚ್ ಡಯಾದಿಂದ ಹಿಂದಕ್ಕೆ ಮಾಡುವುದೇ ಸರಿ. ಥ್ರೆಡ್ಡಿನ ಎರಡೂ ಬದಿಗಳನ್ನು ಮೊನಚಾಗಿ ಕೂಡುವವರೆಗೆ ಎಳೆದರೆ ಸಿಗುವ ತ್ರಿಕೋನದ ಎತ್ತರ H, ಅದು 0.866 × P, ಇಲ್ಲಿ 0.0666. ಪಿಚ್ ಗೆರೆ ಅದರ ಅರ್ಧದಲ್ಲಿದೆ. 60 ಡಿಗ್ರಿ ಕೋನದಲ್ಲಿ ದುಂಡು ಮೂತಿ ಆ ಮೊನೆಗಿಂತ ತನ್ನ ತ್ರಿಜ್ಯದಷ್ಟೇ ಮೇಲೆ ನಿಲ್ಲುತ್ತದೆ. ಹಾಗಾಗಿ:

ಆಳ = (ಹೊರವ್ಯಾಸ − ಪಿಚ್ ಡಯಾ) ÷ 2 + H ÷ 2 − ಮೂತಿಯ ತ್ರಿಜ್ಯ

ಪಿಚ್ ಡಯಾ ಮಿತಿಗಳ ನಡುವೆ 0.4460 ಬರಲಿ ಎಂದುಕೊಳ್ಳೋಣ. 0.0083 ಮೂತಿಗೆ 0.0235 + 0.0333 − 0.0083, ಅಂದರೆ 0.0485 ಆಳ. 0.0111 ಮೂತಿಗೆ 0.0457. ಎರಡರ ನಡುವೆ ಮೂರು ಥೌ ವ್ಯತ್ಯಾಸ. ವ್ಯಾಸದಲ್ಲಿ ಅದು ಆರು ಥೌ ಆಗುತ್ತದೆ, ನಮಗಿರುವ ಇಡೀ ಟಾಲರೆನ್ಸಿಗಿಂತ ಹೆಚ್ಚು.

ಇದೂ ಮೊದಲ ಬೋಲ್ಟಿಗೆ ಮಾತ್ರ. ಟೂಲ್ ಸವೆಯುತ್ತದೆ, ಕಂಬಿ ಒತ್ತಡಕ್ಕೆ ಬಾಗುತ್ತದೆ, ಹೀಗಾಗಿ ಕೊನೆಯ ಒಂದೆರಡು ಪಾಸು ಉಳಿಸಿಕೊಂಡು ಅಳೆಯುವುದು ಒಳ್ಳೆಯದು. ಮೂರು ತಂತಿಯ ವಿಧಾನ ಇಲ್ಲಿ ಬಹಳ ನೆರವಿಗೆ ಬರುತ್ತದೆ. ಈ ಪಿಚ್ಚಿಗೆ 0.0444 ಇಂಚಿನ ತಂತಿಗಳನ್ನು ಕಾಲುವೆಗಳಲ್ಲಿ ಕೂರಿಸಿ ಮೈಕ್ರೋಮೀಟರ್ ಹಿಡಿದರೆ 0.5101ರಿಂದ 0.5151ರ ಒಳಗೆ ಬರಬೇಕು. 0.5152 ತೋರಿಸಿದರೆ ಗೋ ಗೇಜ್ ಹತ್ತುವುದಿಲ್ಲ. ನಡುವಿನ 0.5126ಕ್ಕೆ ಬರಲು ಇಳಿಸಬೇಕಾದ್ದು 0.0026 ಅಲ್ಲ, ಅದರ ಅರ್ಧ 0.0013. ಓದಿಕೆ ವ್ಯಾಸದ್ದು, ಟೂಲ್ ಇಳಿಯುವುದು ತ್ರಿಜ್ಯದಲ್ಲಿ. ರಿಂಗ್ ಗೇಜ್ ಹೌದು, ಅಲ್ಲ ಎನ್ನುವುದನ್ನಷ್ಟೇ ಹೇಳುತ್ತದೆ, ತಂತಿಗಳು ಎಷ್ಟು ಎಂದು ಹೇಳುತ್ತವೆ.

ಬೋಲ್ಟಿಗೆ ಜಿಂಕ್ ಲೇಪವಿದ್ದರೆ ಮೇಲಿನ ಎಲ್ಲ ಮಿತಿಗಳೂ ಲೇಪದ ಮುಂಚಿನವು. ಡ್ರಾಯಿಂಗಿನಲ್ಲಿ ಬೇರೆ ಸೂಚನೆ ಇಲ್ಲದಿದ್ದರೆ ಲೇಪದ ನಂತರ 2A ಬೋಲ್ಟ್ ಅಲೋಯನ್ಸನ್ನು ಬಳಸಿಕೊಂಡು 0.5000ರವರೆಗೆ ಬೆಳೆಯಬಹುದು, ಪಿಚ್ ಡಯಾ 0.4500ರವರೆಗೆ. ಹೊರವ್ಯಾಸ ಲೇಪದ ದಪ್ಪದ ಎರಡು ಪಟ್ಟು ಬೆಳೆದರೆ, ಓರೆ ಬದಿಗಳ ಕಾರಣ ಪಿಚ್ ಡಯಾ ನಾಲ್ಕು ಪಟ್ಟು ಬೆಳೆಯುತ್ತದೆ. ಪಿಚ್ ಡಯಾ ಗರಿಷ್ಠ ಮಿತಿಯಲ್ಲೇ ಇರುವ ಬೋಲ್ಟಿಗೆ ಒಂದೂವರೆ ಥೌ ಅಲೋಯನ್ಸಿನಲ್ಲಿ ಹಿಡಿಯುವ ಲೇಪದ ದಪ್ಪ ಸುಮಾರು 0.0004 ಇಂಚು, ಅಂದರೆ ಒಂಬತ್ತು ಮೈಕ್ರಾನ್ ಚಿಲ್ಲರೆ. ಲೇಪ ಅದಕ್ಕಿಂತ ದಪ್ಪವಿದ್ದರೆ ಪಿಚ್ ಡಯಾವನ್ನು ಲೇತಿನಲ್ಲೇ ಕೆಳಮಿತಿಯ ಕಡೆಗೆ ಇಟ್ಟುಕೊಂಡಿರಬೇಕು, ಅಂದರೆ ಆಳದ ಲೆಕ್ಕದಲ್ಲಿ 0.4460 ಇದ್ದಲ್ಲಿ 0.4440 ಹಾಕಿ ಶುರು ಮಾಡಬೇಕು.