ಐದೂವರೆ ಗಂಟೆಯ ಒಳಗೆ ಏನಿದೆ?

ದ್ವಿತೀಯ ಪಿಯುಸಿ ಓದುವ ಮಗಳ ಆಂಡ್ರಾಯ್ಡ್ ಫೋನಿನ Digital Wellbeing ಪುಟದ ಸ್ಕ್ರೀನ್‌ಶಾಟ್ ಅಮ್ಮನ ಕೈಗೆ ಬಂದಿದೆ ಎಂದುಕೊಳ್ಳಿ. ಬಣ್ಣದ ವೃತ್ತದ ನಡುವೆ 5 ಗಂಟೆ 30 ನಿಮಿಷ ಎಂದಿದೆ. ಅದರಲ್ಲಿ ಯೂಟ್ಯೂಬ್ 2 ಗಂಟೆ 40 ನಿಮಿಷ, ಇನ್‌ಸ್ಟಾಗ್ರಾಂ 1 ಗಂಟೆ 15 ನಿಮಿಷ. ಉಳಿದದ್ದು ವಾಟ್ಸ್‌ಆ್ಯಪ್, ಕ್ರೋಮ್ ಮತ್ತು ಚಿಲ್ಲರೆ ಬಳಕೆ. ಬೈಯುವುದಾದರೆ ಯೂಟ್ಯೂಬಿಗೇ ಬೈಯಬೇಕು ಅನ್ನಿಸುತ್ತದೆ. ಆದರೆ ಈ ಮೊತ್ತ ಹೇಳುವುದು ಪರದೆ ಉರಿಯುತ್ತಿದ್ದಾಗ ಯಾವ ಆ್ಯಪ್ ಎಷ್ಟು ಹೊತ್ತು ಮುಂದಿತ್ತು ಎಂಬುದನ್ನಷ್ಟೆ. ಪಾಠ ಕೇಳಿದ್ದೂ ಹಾಡು ಹಾಕಿಟ್ಟು ಊಟ ಮಾಡಿದ್ದೂ ಅಲ್ಲಿ ಒಂದೇ ಲೆಕ್ಕ.

ಆದ್ದರಿಂದ ಮೊತ್ತವನ್ನು ಬಿಟ್ಟು ಹೊತ್ತನ್ನು ನೋಡಬೇಕು. ಆ್ಯಪ್‌ನ ಹೆಸರು ಒತ್ತಿ Daily ಇರುವಲ್ಲಿ Hourly ಆರಿಸಿದರೆ ಗಂಟೆಗೊಂದು ಕಂಬ ಕಾಣುತ್ತದೆ. ಐಫೋನಿನ Screen Time ಪುಟದಲ್ಲಿ Day ಆರಿಸಿದರೂ ಇಂಥದೇ ಚಿತ್ರ ಸಿಗುತ್ತದೆ. ಈ ಹುಡುಗಿಯ ಯೂಟ್ಯೂಬ್ ಕಂಬಗಳಲ್ಲಿ 1 ಗಂಟೆ 50 ನಿಮಿಷ ಸಂಜೆ 5ರಿಂದ 7ರೊಳಗೆ ಇದೆ. ಅದು ಭೌತಶಾಸ್ತ್ರದ ಪಾಠದ ಹೊತ್ತು. ನಿಜವಾಗಿ ಪಾಠವನ್ನೇ ನೋಡಿದಳೇ ಎಂಬುದು ಈ ವರದಿಯಲ್ಲಿ ಸಿಗುವುದಿಲ್ಲ. ಅವಳನ್ನೇ ಕೇಳಬೇಕು, ಅವಳ ಪಕ್ಕದಲ್ಲೇ ಕೂತು ಕೇಳಬೇಕು.

ಇನ್‌ಸ್ಟಾಗ್ರಾಂನ ಕಥೆ ಬೇರೆ. ಹಗಲೆಲ್ಲ ಸೇರಿ 20 ನಿಮಿಷ, ರಾತ್ರಿ 11ರ ಕಂಬವೊಂದರಲ್ಲೇ 55 ನಿಮಿಷ. ಇಲ್ಲಿ ಬಹಳ ಜನರ ಕಣ್ತಪ್ಪುವ ಸಂಗತಿಯೊಂದಿದೆ: ಫೋನಿನ ದಿನ ಮಧ್ಯರಾತ್ರಿ 12ಕ್ಕೆ ಮುಗಿಯುತ್ತದೆ. ಆಮೇಲೆ ನೋಡಿದ್ದೆಲ್ಲ ಮರುದಿನದ ಖಾತೆಗೆ ಹೋಗುತ್ತದೆ. ಮರುದಿನದ ಪುಟ ತೆರೆದರೆ 12ರ ಕಂಬದಲ್ಲಿ ಇನ್ನೂ 40 ನಿಮಿಷ ಇದೆ. ಒಂದೇ ಕೂರಿಕೆಯ 1 ಗಂಟೆ 35 ನಿಮಿಷ ಎರಡು ದಿನಕ್ಕೆ ಹಂಚಿಹೋಗಿ, ಎರಡು ಕಡೆಯೂ ಸಣ್ಣದಾಗಿ ಕಂಡಿದೆ. ನನ್ನ ಮಟ್ಟಿಗೆ ಚಿಂತಿಸಬೇಕಾದದ್ದು ನಿದ್ದೆ ತಿನ್ನುವ ಈ ಹೊತ್ತು, ಐದೂವರೆ ಗಂಟೆಯಲ್ಲ.

ಒಂದು ದಿನದ ಚಿತ್ರ ನೋಡಿ ತೀರ್ಪು ಕೊಡುವುದೂ ಅನ್ಯಾಯ. ಪರೀಕ್ಷೆ ಮುಗಿದ ಭಾನುವಾರವೂ ಕಾಲೇಜಿದ್ದ ಮಂಗಳವಾರವೂ ಒಂದೇ ಅಲ್ಲ, ಹಾಗಾಗಿ ವಾರದ ಏಳೂ ದಿನ ನೋಡಿ. ಫೋನನ್ನು ತಮ್ಮನೂ ಹಿಡಿಯುತ್ತಾನಾದರೆ ಅವನ ಕಾರ್ಟೂನು ಅಕ್ಕನ ಲೆಕ್ಕಕ್ಕೇ ಸೇರಿರುತ್ತದೆ. ಐಫೋನಿನಲ್ಲಿ Share Across Devices ಆನ್ ಆಗಿದ್ದು, ಮನೆಯವರೆಲ್ಲ ಒಂದೇ ಆ್ಯಪಲ್ ಖಾತೆ ಬಳಸುತ್ತಿದ್ದರೆ ಅಪ್ಪನ ಐಪ್ಯಾಡೂ ಮಗಳ ಹೆಸರಿನಲ್ಲಿ ಸೇರಬಹುದು.

ಇಷ್ಟು ನೋಡಿದ ಮೇಲೆ ಅಮ್ಮ ಕೇಳಬೇಕಾದ ಪ್ರಶ್ನೆಯೂ ಬದಲಾಗುತ್ತದೆ. "ದಿನವಿಡೀ ಫೋನೇನಾ?" ಎನ್ನುವ ಬದಲು, "ಮೊನ್ನೆ ರಾತ್ರಿ ಹನ್ನೆರಡೂವರೆ ದಾಟಿದರೂ ಎಚ್ಚರ ಇದ್ಯಲ್ಲ ಪುಟ್ಟಿ, ನಿದ್ದೆ ಬರ್ಲಿಲ್ವಾ?"