ವಿಚಾರಣೆಯ ಇಮೇಲ್‌ನಲ್ಲಿ ಬಿಟ್ಟುಹೋದದ್ದು

ಪತ್ರಲೇಖನದ ಪಾಠದಲ್ಲಿ ಹತ್ತನೇ ತರಗತಿಯ ವಿದ್ಯಾರ್ಥಿನಿಯೊಬ್ಬಳು ತನ್ನ ಅಕ್ಕನಿಗಾಗಿ ವಿಶ್ವವಿದ್ಯಾಲಯದ ಕಚೇರಿಗೆ ಇಮೇಲ್ ಕರಡು ಬರೆದಳು: ‘ಮಾನ್ಯರೇ, ಅರೇಬಿಕ್ ಕೋರ್ಸಿನ ಮಾಹಿತಿ ಕೊಡಿ.’ ಒಕ್ಕಣೆ ಸರಿಯಿತ್ತು. ನಾನು ಪೂರ್ಣ ಅಂಕ ಕೊಡುವವನೇ ಇದ್ದೆ. ಆದರೆ ಕಚೇರಿಯವರು ಏನೆಂದು ಉತ್ತರಿಸಬೇಕು? ಸರ್ಟಿಫಿಕೇಟ್, ಡಿಪ್ಲೊಮಾ, ಎಂ.ಎ. ಇವುಗಳ ಅರ್ಹತೆ ಬೇರೆ ಬೇರೆ. ಉರ್ದು ಓದಬಲ್ಲವರಿಗೆ ಅರೇಬಿಕ್‌ನ 28 ಅಕ್ಷರಗಳು ಆಗಲೇ ಪರಿಚಿತ. ಕನ್ನಡ ಲಿಪಿಯಷ್ಟೇ ಬಲ್ಲವರು ಬಲದಿಂದ ಎಡಕ್ಕೆ ಬರೆಯುವುದರಿಂದಲೇ ತೊಡಗಬೇಕು.

ಹಾಗಾಗಿ ಕರಡನ್ನು ಹೀಗೆ ತಿದ್ದಿದೆವು:

‘ವಿಷಯ: ಅರೇಬಿಕ್ ಸರ್ಟಿಫಿಕೇಟ್ ಕೋರ್ಸ್ ಪ್ರವೇಶದ ವಿಚಾರಣೆ.
ಮಾನ್ಯರೇ, ನಾನು ಬಿ.ಕಾಂ. ಪದವೀಧರೆ. ಅರೇಬಿಕ್ ಲಿಪಿ ಬಾರದು. ಅಕ್ಷರದಿಂದ ಕಲಿಸುವ ಕೋರ್ಸ್ ಇದೆಯೇ? ತರಗತಿ ಸಂಜೆ ನಡೆಯುತ್ತದೆಯೇ? ಅರ್ಜಿ ಸಲ್ಲಿಸಲು ಕೊನೆಯ ದಿನ ಯಾವುದು?’

‘ಇಂದ’, ‘ಗೆ’ ಎರಡನ್ನೂ ತೆಗೆದೆವು. ಆ ವಿಳಾಸಗಳು ಇಮೇಲ್‌ನ ಮೇಲ್ಭಾಗದಲ್ಲೇ ಇರುತ್ತವೆ. ಕೊನೆಯಲ್ಲಿ ಹೆಸರು, ಫೋನ್ ನಂಬರ್ ಉಳಿದವು.